ಒಂದು ಚೌಕ, ಒಂದು ಗುಂಟೆ: ಉಪಗ್ರಹ ಚಿತ್ರದಲ್ಲಿ ನಮ್ಮೂರ ಕೆರೆಯ ಅಂಚು ಹುಡುಕಿದ ದಾಖಲೆ

ಮಾಲೂರು ತಾಲ್ಲೂಕಿನ ನಮ್ಮ ಊರಿನಲ್ಲಿ ನೀರು ನಿಲ್ಲುವ ಜಾಗಗಳು ಮೂರು. ದೊಡ್ಡ ಕೆರೆ, ಅದರ ಕೋಡಿ ನೀರು ಹರಿದು ಸೇರುವ ಸಣ್ಣ ಕೆರೆ, ದನಗಳಿಗೆಂದು ತೋಡಿದ ಗೋಕಟ್ಟೆ. ದಾಖಲೆಯಲ್ಲಿ ದೊಡ್ಡ ಕೆರೆ 42 ಎಕರೆ, ಸಣ್ಣ ಕೆರೆ 6 ಎಕರೆ, ಗೋಕಟ್ಟೆ 18 ಗುಂಟೆ. ಇವು ಜಾಗದ ಲೆಕ್ಕ, ನೀರಿನ ಲೆಕ್ಕವಲ್ಲ. ಯಾವ ತಿಂಗಳಲ್ಲಿ ನೀರು ಎಲ್ಲಿಯವರೆಗೆ ಇರುತ್ತದೆ ಎಂಬುದು ನೀರುಗಂಟಿ ತಾತನ ನೆನಪಿನಲ್ಲಿ ಮಾತ್ರ ಇದೆ. ಹೂಳೆತ್ತುವ ಕೆಲಸವನ್ನು ಅಂಗಳದ ಯಾವ ಬದಿಯಿಂದ, ಯಾವಾಗ ಆರಂಭಿಸಬೇಕು ಎಂಬ ಚರ್ಚೆ ಗ್ರಾಮಸಭೆಯಲ್ಲಿ ಎದ್ದಾಗ ಆ ನೆನಪನ್ನು ನಕ್ಷೆಗೆ ಇಳಿಸಬೇಕೆನ್ನಿಸಿತು. 2025ರ ಜನವರಿಯಲ್ಲಿ ಆರಂಭಿಸಿ ನವೆಂಬರಿನವರೆಗೆ ಮಾಡಿದ ಕೆಲಸ ಇಲ್ಲಿದೆ, ಆದ ತಪ್ಪುಗಳೂ ಸೇರಿದಂತೆ.

ಹಂತ 1. ಜನವರಿ: ಚಿತ್ರ ಇಳಿಸಿಕೊಂಡದ್ದು

ಬಳಸಿದ್ದು ಸೆಂಟಿನೆಲ್-2 ಉಪಗ್ರಹಗಳ ಚಿತ್ರ. ಯುರೋಪಿನ ಕೋಪರ್ನಿಕಸ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ ಉಚಿತವಾಗಿ ಸಿಗುತ್ತದೆ. ಎರಡು ಉಪಗ್ರಹಗಳು ಸರದಿಯಲ್ಲಿ ಸುತ್ತುವುದರಿಂದ ಐದು ದಿನಕ್ಕೊಮ್ಮೆ ನಮ್ಮ ಊರಿನ ಮೇಲೆ ಒಂದು ಹಾಯುತ್ತದೆ. ವಾತಾವರಣದ ಪ್ರಭಾವವನ್ನು ಕಳೆದು ಕೊಡುವ L2A ಎಂಬ ಮಾದರಿಯನ್ನೇ ಆರಿಸಿಕೊಳ್ಳಬೇಕು. ಒಂದು ದಿನದ ಕಡತ ಸುಮಾರು ಒಂದು ಗಿಗಾಬೈಟ್. ಅದರೊಳಗೆ ನನಗೆ ಬೇಕಾದದ್ದು ಎರಡೇ ಪದರ: ಹಸಿರು ಬೆಳಕಿನ B03 ಮತ್ತು ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಬೆಳಕಿನ B08. ಎರಡೂ `R10m` ಎಂಬ ಕಡತಕೋಶದಲ್ಲಿರುತ್ತವೆ.

ಇವೆರಡರಲ್ಲಿ ಒಂದು ಚೌಕ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಅಂದರೆ ನೂರು ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರಿಗೆ ತುಸು ಹೆಚ್ಚು. ಆದ್ದರಿಂದ ಒಂದು ಚೌಕಕ್ಕೆ ಒಂದು ಗುಂಟೆ, ನಲವತ್ತು ಚೌಕಕ್ಕೆ ಒಂದು ಎಕರೆ ಎಂದು ಬಾಯಿಲೆಕ್ಕ ಹಾಕಬಹುದು. ಊರಿನವರಿಗೆ ಈ ಕೆಲಸವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಹಿಡಿ ನನಗೆ ಸಿಗಲಿಲ್ಲ.

ಯಂತ್ರ ಎಂಟು ಗಿಗಾಬೈಟ್ ಮೆಮೊರಿಯ ಹಳೆಯ ಲ್ಯಾಪ್‌ಟಾಪ್. ನಕ್ಷೆ ಮಾಡುವ ತಂತ್ರಾಂಶ QGIS, ಅದರ ಜೊತೆಗೇ ಬರುವ GDAL ಆಜ್ಞೆಗಳು. ಇವಕ್ಕೆ ದುಡ್ಡಿಲ್ಲ. ವರ್ಷವಿಡೀ ಕೈಯಿಂದ ಹೋದದ್ದು ಮೊಬೈಲ್ ಡೇಟಾಗೆ ಸುಮಾರು 300 ರೂಪಾಯಿ, ನಕ್ಷೆ ಮುದ್ರಿಸಲು 120 ರೂಪಾಯಿ.

ಹಂತ 2. ಮೊದಲ ಲೆಕ್ಕ: ಮಾವಿನ ತೋಪಿಗೆ ಹನ್ನೆರಡು

ಸೂತ್ರ ಚಿಕ್ಕದು. ಹಸಿರಿನಿಂದ ಅವಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಬೇಕು. ನೀರು ಅವಕೆಂಪನ್ನು ನುಂಗುತ್ತದೆ, ಎಲೆ ಅದನ್ನು ಹಿಂದಕ್ಕೆ ಚೆಲ್ಲುತ್ತದೆ. ಹೀಗಾಗಿ ನೀರಿಗೆ ಧನ ಸಂಖ್ಯೆ, ಗಿಡಮರಗಳಿಗೆ ಋಣ ಸಂಖ್ಯೆ ಬರಬೇಕು. 1996ರಲ್ಲಿ ಮ್ಯಾಕ್‌ಫೀಟರ್ಸ್ ಎಂಬವರು ಮುಂದಿಟ್ಟ ಈ ಸೂಚ್ಯಂಕಕ್ಕೆ NDWI ಎಂದು ಹೆಸರು. ಇದೇ ಹೆಸರಿನಲ್ಲಿ ಎಲೆಯ ತೇವ ಅಳೆಯುವ ಬೇರೊಂದು ಸೂತ್ರವೂ ಇದೆ. ಅದರಲ್ಲಿ ಹಸಿರು ಪದರ ಇರುವುದಿಲ್ಲ, ಕೆರೆಗೆ ಅದು ಬೇಡ.

ನಾನು ಮೊದಲು ಕೊಟ್ಟ ಆಜ್ಞೆ ಇದು:

```
gdal_calc.py -A B03.jp2 -B B08.jp2 --calc="(A-B)/(A+B)" --type=Float32 --outfile=ndwi.tif
```

ಕೆರೆಯ ಮಧ್ಯೆ 0.14 ಬಂತು. ಪಕ್ಕದ ಮಾವಿನ ತೋಪಿನ ಮೇಲೆ ಕ್ಲಿಕ್ ಮಾಡಿದರೆ 12.2. ಈ ಸೂಚ್ಯಂಕ ಒಂದನ್ನು ದಾಟುವುದಕ್ಕೇ ಸಾಧ್ಯವಿಲ್ಲ. ಒಂದು ಸಂಜೆಯೆಲ್ಲ ಚಿತ್ರ ಕೆಟ್ಟಿದೆಯೆಂದು ಭಾವಿಸಿ ಕಡತವನ್ನು ಎರಡನೆಯ ಸಲ ಇಳಿಸಿಕೊಂಡೆ. ದೋಷ ಚಿತ್ರದಲ್ಲಿರಲಿಲ್ಲ. ಈ ಕಡತಗಳಲ್ಲಿ ಸಂಖ್ಯೆಗಳನ್ನು ಸೊನ್ನೆಗಿಂತ ಕೆಳಗೆ ಹೋಗಲಾರದ ಪೂರ್ಣಾಂಕಗಳಾಗಿ ಇಟ್ಟಿರುತ್ತಾರೆ. ತೋಪಿನಲ್ಲಿ ಹಸಿರು 1600, ಅವಕೆಂಪು 3600. ಕಳೆದರೆ ಋಣ 2000 ಬರಬೇಕು. ಆ ಬಗೆಯ ಸಂಖ್ಯೆಗೆ ಋಣವೇ ಇಲ್ಲದ್ದರಿಂದ ಲೆಕ್ಕ ಗಡಿಯಾರದ ಮುಳ್ಳಿನಂತೆ ಹಿಂದಿನಿಂದ ಸುತ್ತಿ 63536 ಆಗುತ್ತದೆ. ಅದನ್ನು 5200ರಿಂದ ಭಾಗಿಸಿದರೆ 12.2. ಎರಡನ್ನೂ ಮೊದಲು ದಶಮಾಂಶ ಸಂಖ್ಯೆಯಾಗಿ ಮಾಡಿಕೊಂಡರೆ ಸರಿಹೋಗುತ್ತದೆ. QGIS ಒಳಗಿನ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಈ ತೊಂದರೆ ಬರಲಿಲ್ಲ, ಆಜ್ಞೆ ಬರೆದು ಮಾಡುವವರು ಮಾತ್ರ ನೋಡಿಕೊಳ್ಳಬೇಕು.

ಹಂತ 3. ಸಾವಿರದ ತಪ್ಪು

ಇಡೀ ಕೆಲಸದಲ್ಲಿ ಅತಿ ಹೆಚ್ಚು ದಾರಿ ತಪ್ಪಿಸಿದ್ದು ಇದು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಗೆಳೆಯರೊಬ್ಬರು ತಮ್ಮ ಓದಿನ ಕೆಲಸಕ್ಕೆ ಇಳಿಸಿಟ್ಟುಕೊಂಡಿದ್ದ 2019ರ ಡಿಸೆಂಬರಿನ ಚಿತ್ರವನ್ನು ಕೊಟ್ಟರು. ಅದರಲ್ಲಿ ತೂಬಿನ ಬಳಿಯ ಆಳದ ನೀರಿಗೆ 0.5 ಬಂತು. 2025ರ ಜನವರಿಯ ಚಿತ್ರದಲ್ಲಿ ಅದೇ ಜಾಗಕ್ಕೆ 0.14. ಐದು ವರ್ಷದಲ್ಲಿ ನೀರು ಇಷ್ಟು ಕೆಟ್ಟಿದೆ, ಕೊಳಚೆ ಸೇರುತ್ತಿದೆ ಎಂದು ನೋಟ್ ಪುಸ್ತಕದಲ್ಲಿ ಬರೆದೆ. ಪಂಚಾಯಿತಿ ಸದಸ್ಯರೊಬ್ಬರಿಗೆ ಹೇಳಿಯೂ ಬಿಟ್ಟೆ. ಆ ಮಾತನ್ನು ವಾಪಸು ಪಡೆಯಲು ನಾನೇ ಅವರ ಮನೆಗೆ ಹೋಗಬೇಕಾಯಿತು.

ನೀರು ಬದಲಾಗಿರಲಿಲ್ಲ, ಕಡತದಲ್ಲಿ ಸಂಖ್ಯೆ ಬರೆಯುವ ಪದ್ಧತಿ ಬದಲಾಗಿತ್ತು. 2022ರ ಜನವರಿ 25ರಿಂದ ಸಂಸ್ಕರಣೆಯ ಹೊಸ ಆವೃತ್ತಿ ಬಂದಿದೆ. ಆಗಿನಿಂದ ಪ್ರತಿ ಚೌಕದ ಸಂಖ್ಯೆಗೂ 1000 ಕೂಡಿಸಿ ಇಡುತ್ತಾರೆ, ಬಳಸುವವರು ಅದನ್ನು ಕಳೆದುಕೊಳ್ಳಬೇಕು. ತೂಬಿನ ಬಳಿಯ ನಿಜವಾದ ಸಂಖ್ಯೆಗಳು ಹಸಿರು 600, ಅವಕೆಂಪು 200. ವ್ಯತ್ಯಾಸ 400, ಮೊತ್ತ 800, ಸೂಚ್ಯಂಕ 0.5. ಸಾವಿರ ಕೂಡಿದ ಮೇಲೆ 1600 ಮತ್ತು 1200. ವ್ಯತ್ಯಾಸ ಅದೇ 400, ಆದರೆ ಮೊತ್ತ 2800, ಸೂಚ್ಯಂಕ 0.14. ಭಾಗಿಸುವ ಸಂಖ್ಯೆಯಲ್ಲಿ ಎರಡು ಸಾವಿರ ಕಳೆದರೆ ಸಾಕು:

```
gdal_calc.py -A B03.jp2 -B B08.jp2 --calc="(A.astype(float)-B)/(A.astype(float)+B-2000)" --type=Float32 --outfile=ndwi.tif
```

ಈ ತಪ್ಪು ಬಹಳ ಜನರ ಕಣ್ಣಿಗೆ ಬೀಳದಿರಲು ಒಂದು ಕಾರಣವಿದೆ. ವ್ಯತ್ಯಾಸದ ಚಿಹ್ನೆ ಬದಲಾಗದ್ದರಿಂದ ಸೊನ್ನೆಯ ಗೆರೆ ಕದಲುವುದಿಲ್ಲ. ನೀರನ್ನು ನೆಲದಿಂದ ಬೇರ್ಪಡಿಸಲು ಸೊನ್ನೆಯನ್ನೇ ಮಿತಿಯಾಗಿ ಇಟ್ಟುಕೊಂಡವರಿಗೆ ಅಂಚು ಸರಿಯಾಗಿಯೇ ಬರುತ್ತದೆ. ಬೇರೆ ಯಾವ ಮಿತಿ ಇಟ್ಟರೂ ಅಂಚು ಸರಿದುಹೋಗುತ್ತದೆ.

ಸಾವಿರ ಕಳೆಯಬೇಕೋ ಬೇಡವೋ ಎಂಬುದನ್ನು ಚಿತ್ರದ ತಾರೀಖು ನೋಡಿ ತೀರ್ಮಾನಿಸಬಾರದು. ಹಳೆಯ ಚಿತ್ರಗಳನ್ನೂ ಹೊಸ ಆವೃತ್ತಿಯಲ್ಲಿ ಮತ್ತೆ ಸಂಸ್ಕರಿಸಿ ಇಟ್ಟಿದ್ದಾರೆ. ಕಡತದ ಹೆಸರಿನೊಳಗೆ `N0213`, `N0510` ಎಂಬಂಥ ಗುರುತು ಇರುತ್ತದೆ. `N0400` ಮತ್ತು ಅದಕ್ಕಿಂತ ಮೇಲಿನದಾದರೆ ಕಳೆಯಬೇಕು. ಅನುಮಾನವಿದ್ದರೆ `MTD_MSIL2A.xml` ಕಡತದಲ್ಲಿ `BOA_ADD_OFFSET` ಎಂದು ಹುಡುಕಿ, -1000 ಇದೆಯೇ ನೋಡಬೇಕು.

ಅಂದಿನಿಂದ ಮಾವಿನ ತೋಪೇ ನನ್ನ ಒರೆಗಲ್ಲು. ವರ್ಷವಿಡೀ ಹಸಿರಾಗಿರುವ ಆ ತೋಪಿಗೆ ಸರಿಯಾದ ಲೆಕ್ಕದಲ್ಲಿ -0.62ರ ಆಸುಪಾಸು ಬರುತ್ತದೆ, ಸಾವಿರ ಕಳೆಯದಿದ್ದರೆ -0.38. ಪ್ರತಿ ಹೊಸ ಚಿತ್ರದಲ್ಲೂ ಕೆರೆಯನ್ನು ನೋಡುವ ಮೊದಲು ತೋಪನ್ನು ನೋಡುತ್ತೇನೆ.

ಹಂತ 4. ಫೆಬ್ರವರಿ: ನೀರಿನಂಚಿನಲ್ಲಿ ನಡಿಗೆ

ಉಪಗ್ರಹ ಹಾಯುವ ದಿನ ಮೊದಲೇ ಗೊತ್ತಿರುತ್ತದೆ. ನಮ್ಮ ಕಡೆ ಅದು ಬೆಳಗ್ಗೆ ಹತ್ತೂವರೆಯಿಂದ ಹನ್ನೊಂದರೊಳಗೆ ಬರುತ್ತದೆ. ಅದೇ ದಿನ ಬೆಳಗ್ಗೆ ಮೊಬೈಲಿನಲ್ಲಿ ಜಿಪಿಎಸ್ ಜಾಡು ದಾಖಲಿಸುವ ಆ್ಯಪ್ ಚಾಲೂ ಮಾಡಿಕೊಂಡು ನೀರುಗಂಟಿ ತಾತನ ಜೊತೆ ದೊಡ್ಡ ಕೆರೆಯ ನೀರಿನಂಚಿನಲ್ಲಿ ಒಂದು ಸುತ್ತು ನಡೆದೆ. ಒಂದೂ ಕಾಲು ಕಿಲೋಮೀಟರಿಗೆ ಐವತ್ತು ನಿಮಿಷ ಹಿಡಿಯಿತು, ಕೆಸರಿನಲ್ಲಿ ಕಾಲು ಹುಗಿಯುತ್ತಿತ್ತು.

ಜಾಡನ್ನು ಎಕರೆಯ ಲೆಕ್ಕಕ್ಕೆ ತರುವಾಗ ಅದನ್ನು ಮೀಟರಿನಲ್ಲಿ ಅಳೆಯುವ ನಕ್ಷಾಪದ್ಧತಿಗೆ ಬದಲಿಸಬೇಕು. ನಮ್ಮ ಊರು 78 ಡಿಗ್ರಿ ರೇಖಾಂಶದ ಪಶ್ಚಿಮಕ್ಕೆ ಇರುವುದರಿಂದ `EPSG:32643`. ಕೋಲಾರ ಪಟ್ಟಣ ಆ ಗೆರೆಯ ಪೂರ್ವಕ್ಕಿದೆ, ಅಲ್ಲಿಯವರು `EPSG:32644` ಬಳಸಬೇಕು.

ನಡೆದ ಗೆರೆಯೊಳಗೆ 21 ಎಕರೆ 10 ಗುಂಟೆ. ಸೂಚ್ಯಂಕ ಸೊನ್ನೆಗಿಂತ ಹೆಚ್ಚಿರುವ ಚೌಕಗಳನ್ನು ಎಣಿಸಿದರೆ 20 ಎಕರೆ 28 ಗುಂಟೆ. ವ್ಯತ್ಯಾಸ 22 ಗುಂಟೆ. ಅಂಚಿನುದ್ದಕ್ಕೂ ಅರ್ಧ ಚೌಕ, ಅಂದರೆ ಐದು ಮೀಟರ್ ತಪ್ಪಿದರೂ 60 ಗುಂಟೆ ಹೆಚ್ಚು ಕಡಿಮೆಯಾಗಬಹುದಾದ್ದರಿಂದ ಇದು ಒಳ್ಳೆಯ ಹೊಂದಿಕೆ ಎಂದುಕೊಂಡೆ. ಸೊನ್ನೆಯೇ ಸರಿಯಾದ ಮಿತಿ ಎಂದು ನಿರ್ಧರಿಸಿದೆ. ಒಂದೇ ಋತು ನೋಡಿ ಹಾಗೆ ನಿರ್ಧರಿಸಿದ್ದು ಆತುರವಾಯಿತು.

ಗೋಕಟ್ಟೆಯ ಆಸೆಯನ್ನು ಇದೇ ಹಂತದಲ್ಲಿ ಬಿಟ್ಟೆ. ಹದಿನೆಂಟು ಗುಂಟೆ ಎಂದರೆ ಹದಿನೆಂಟು ಚೌಕ. ಅದರಲ್ಲಿ ಪೂರ್ತಿ ನೀರಿನೊಳಗೆ ಬೀಳುವುದು ನಾಲ್ಕೈದು, ಉಳಿದವು ಅರ್ಧ ನೀರು ಅರ್ಧ ದಡ. ನೀರಿದೆಯೋ ಇಲ್ಲವೋ ಎಂದಷ್ಟೇ ಹೇಳಬಹುದು, ಅಂಚು ಎಳೆಯಲಾಗದು.

ಹಂತ 5. ಏಪ್ರಿಲ್: ಮಣ್ಣು ಬಣ್ಣದ ನೀರು

ಏಪ್ರಿಲಿನ ನಾಲ್ಕನೆಯ ವಾರ ಮತ್ತೆ ನಡೆದೆವು. ನಡಿಗೆಯ ಲೆಕ್ಕ 9 ಎಕರೆ 5 ಗುಂಟೆ. ಸೊನ್ನೆಯ ಮಿತಿಯಲ್ಲಿ ಬಂದದ್ದು 5 ಎಕರೆ 30 ಗುಂಟೆ. ಮೂರು ಎಕರೆಗಿಂತ ಹೆಚ್ಚು ನೀರು ಕಾಣೆಯಾಗಿತ್ತು.

ತಾತನಿಗೆ ಮೊಬೈಲಿನಲ್ಲಿ ಆ ಗೆರೆ ತೋರಿಸಿದೆ. ಅವರು ನೋಡಿ, "ಇದು ಎಮ್ಮೆ ಮುಳುಗುವ ನೀರು ಮಾತ್ರ ಕಣಪ್ಪ. ಎಮ್ಮೆ ನಿಂತ ನೀರನ್ನು ನಿನ್ನ ಚಿತ್ರ ಬಿಟ್ಟಿದೆ" ಎಂದರು. ಅದೇ ನಿಜ. ಬೇಸಿಗೆಯಲ್ಲಿ ಅಂಗಳದ ಕಡೆಯ ನೀರು ಮೊಣಕಾಲುದ್ದವೂ ಇರುವುದಿಲ್ಲ. ದನಗಳು ತುಳಿದು ಕದಡಿ ಕೆಂಪಾಗಿರುತ್ತದೆ. ತೇಲುವ ಮಣ್ಣಿನ ಕಣಗಳು ಅವಕೆಂಪನ್ನು ಹಿಂದಕ್ಕೆ ಚೆಲ್ಲುವುದರಿಂದ ನೀರಾಗಿದ್ದೂ ಸೂಚ್ಯಂಕ ಸೊನ್ನೆಗಿಂತ ಕೆಳಗಿಳಿಯುತ್ತದೆ.

ಮಿತಿ ಎಲ್ಲಿಡಬೇಕೆಂದು ತಿಳಿಯಲು ಏರಿಯಿಂದ ಅಂಗಳದ ಕಡೆಗೆ ಒಂದು ನೇರ ಗೆರೆ ಹಿಡಿದು, ಅದರ ಕೊನೆಯ ಹತ್ತು ಚೌಕಗಳನ್ನು ಒಂದೊಂದಾಗಿ ಓದಿದೆ: 0.18, 0.15, 0.09, 0.04, -0.03, -0.06, -0.08, -0.19, -0.27, -0.31. ನಡಿಗೆಯ ಜಾಡು ಏಳನೆಯ ಮತ್ತು ಎಂಟನೆಯ ಚೌಕದ ನಡುವೆ ಹಾಯ್ದಿತ್ತು. ಸಂಖ್ಯೆಗಳಲ್ಲೂ ಅಲ್ಲಿಯೇ ದೊಡ್ಡ ಜಿಗಿತ ಇದೆ, -0.08ರಿಂದ -0.19ಕ್ಕೆ. ಸೊನ್ನೆ ದಾಟುವುದು ಅದಕ್ಕೆ ಮೂವತ್ತು ಮೀಟರ್ ಮೊದಲೇ, ಯಾವ ಜಿಗಿತವೂ ಇಲ್ಲದ ಕಡೆ. ಇಂಥ ಗೆರೆಗಳನ್ನು ಬೇರೆ ಮೂರು ಕಡೆ ಹಿಡಿದು ನೋಡಿದೆ. ಜಿಗಿತ ಎಲ್ಲ ಕಡೆಯೂ -0.1ರ ಹತ್ತಿರವೇ ಸಿಕ್ಕಿತು.

ಮಿತಿಯನ್ನು -0.1 ಮಾಡಿದಾಗ ಏಪ್ರಿಲಿನ ಲೆಕ್ಕ 8 ಎಕರೆ 36 ಗುಂಟೆಗೆ ಬಂತು. ಫೆಬ್ರವರಿಯದನ್ನು ಮತ್ತೆ ಎಣಿಸಿದರೆ 21 ಎಕರೆ 24 ಗುಂಟೆ, ಅದೂ ನಡಿಗೆಗೆ ಹತ್ತಿರವೇ. ಫೆಬ್ರವರಿಯಲ್ಲಿ ಎರಡು ಮಿತಿಗಳ ನಡುವೆ ಒಂದು ಎಕರೆಯೂ ಇಲ್ಲ, ಏಪ್ರಿಲಿನಲ್ಲಿ ಮೂರು ಎಕರೆಗೂ ಹೆಚ್ಚು. ಈಗ ಎರಡೂ ಗೆರೆಗಳನ್ನು ಎಳೆದಿಡುತ್ತೇನೆ. ಅವುಗಳ ನಡುವಿನ ಅಗಲ ಎಷ್ಟು ಹೆಚ್ಚೋ ಅಷ್ಟು ತೆಳುವಾದ, ಕದಡಿದ ನೀರು ಅಲ್ಲಿದೆ ಎಂದು ತಿಳಿಯಬಹುದು. ಹೂಳು ಮೇಲೆದ್ದಿರುವ ಬದಿಯೂ ಅದೇ.

ನನ್ನ -0.1 ನಮ್ಮ ಕೆಂಪು ಮಣ್ಣಿನ ಕೆರೆಗೆ ಸಿಕ್ಕಿದ ಸಂಖ್ಯೆ. ಕಪ್ಪು ಮಣ್ಣಿನ ಸೀಮೆಯವರು ಅದನ್ನೇ ಎತ್ತಿಕೊಳ್ಳದೆ ತಮ್ಮ ಕೆರೆಯಲ್ಲಿ ಒಮ್ಮೆ ನಡೆಯಬೇಕು.

ಹಂತ 6. ಗೆರೆ ಎಳೆಯುವ ಬಗೆ

ಚೌಕಗಳನ್ನು ನೇರವಾಗಿ ಆಕಾರವಾಗಿ ಪರಿವರ್ತಿಸಿದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಅದರ ಬದಲು ಬೆಟ್ಟದ ನಕ್ಷೆಗೆ ಬಳಸುವ Contour ಸಾಧನವನ್ನೇ ಸೂಚ್ಯಂಕಕ್ಕೆ ಬಳಸಿದೆ. ಗೆರೆಗಳ ಅಂತರ ಕೇಳುವಲ್ಲಿ 10, ಆರಂಭದ ಸ್ಥಾನ ಕೇಳುವಲ್ಲಿ -0.1 ಎಂದು ಕೊಟ್ಟೆ. ಸೂಚ್ಯಂಕ ಒಂದರಿಂದ ಋಣ ಒಂದರೊಳಗೇ ಇರುವುದರಿಂದ -0.1ರ ಒಂದೇ ಗೆರೆ ಬರುತ್ತದೆ, ಅದೂ ಚೌಕಗಳ ನಡುವೆ ನಯವಾಗಿ ಹಾಯುತ್ತದೆ. ಇದಕ್ಕೂ ಮೊದಲು ಏರಿ ಮತ್ತು ಕೋಡಿಮಟ್ಟದ ಗಡಿಯನ್ನು ತಾತ ತೋರಿಸಿದಂತೆ ಕೈಯಿಂದ ಬರೆದು, ಚಿತ್ರವನ್ನು ಆ ಗಡಿಗೆ ಕತ್ತರಿಸಿಕೊಂಡೆ. ಕತ್ತರಿಸದಿದ್ದರೆ ಪಾಲಿಹೌಸ್‌ಗಳ ಹೊದಿಕೆ, ಶೀಟಿನ ಛಾವಣಿ ಇವೂ ನೀರೆಂದು ಲೆಕ್ಕಕ್ಕೆ ಬರುತ್ತವೆ.

ಹಂತ 7. ಜೂನ್‌ನಿಂದ ಅಕ್ಟೋಬರ್: ಮೋಡದ ತಿಂಗಳುಗಳು

ಈ ಐದು ತಿಂಗಳಲ್ಲಿ ಉಪಗ್ರಹ ಸುಮಾರು ಮೂವತ್ತು ಸಲ ಹಾಯ್ದರೂ ಬಳಸಲು ಬಂದ ಚಿತ್ರಗಳು ನಾಲ್ಕು. ಮೊದಮೊದಲು ಮೋಡ ಶೇಕಡ 20ರೊಳಗಿರುವುದನ್ನು ಮಾತ್ರ ಹುಡುಕುತ್ತಿದ್ದೆ, ಆಗ ಒಂದೇ ಸಿಕ್ಕಿತ್ತು. ಆ ಶೇಕಡ ಸುಮಾರು 110 ಕಿಲೋಮೀಟರ್ ಉದ್ದಗಲದ ಇಡೀ ಚಿತ್ರದ್ದು. ಅದರಲ್ಲಿ ಶೇಕಡ 70 ಮೋಡವಿದ್ದರೂ ನಮ್ಮ ಊರಿನ ಮೇಲೆ ಬಯಲಾಗಿರಬಹುದು. ಸೋಸುವುದನ್ನು ಬಿಟ್ಟು, ಪ್ರತಿ ದಿನದ ಚಿತ್ರವನ್ನೂ ತಾಣದಲ್ಲೇ ಊರಿನ ಮೇಲೆ ಹಿಗ್ಗಿಸಿ ನೋಡಿ ಆರಿಸಿಕೊಂಡೆ.

ಆಗಸ್ಟಿನ ಒಂದು ಚಿತ್ರ ಕೆರೆಯಲ್ಲಿ 38 ಎಕರೆ ನೀರು ತೋರಿಸಿತು. ಆ ವಾರ ಕೆರೆಯಲ್ಲಿ ಹತ್ತು ಎಕರೆಯಷ್ಟೂ ನೀರಿಲ್ಲದ್ದನ್ನು ಕಣ್ಣಾರೆ ನೋಡಿದ್ದೆ. ತೋಪಿನ ಸಂಖ್ಯೆ ನೋಡಿದರೆ -0.22. ಕಣ್ಣಿಗೆ ಅಷ್ಟಾಗಿ ಕಾಣದ ತೆಳು ಮೋಡದ ಪರದೆ ಇತ್ತು. ಅದು ಎರಡೂ ಪದರಗಳಿಗೆ ಹೆಚ್ಚು ಕಡಿಮೆ ಸಮನಾಗಿ ಬೆಳಕು ಕೂಡಿಸುತ್ತದೆ, ಸಾವಿರದ ತಪ್ಪಿನಂತೆಯೇ. ಒಣ ಅಂಗಳದಲ್ಲಿ ಹಸಿರು 900, ಅವಕೆಂಪು 1700 ಇದ್ದರೆ ಸೂಚ್ಯಂಕ -0.31. ಎರಡಕ್ಕೂ ಮೂರು ಸಾವಿರ ಕೂಡಿದರೆ -0.09, ಅಂದರೆ ನನ್ನ ಮಿತಿಗಿಂತ ಮೇಲೆ. ಒಣ ನೆಲ ನೀರಾಗಿ ಎಣಿಕೆಗೆ ಬಂದದ್ದು ಹೀಗೆ. ತೋಪಿನ ಸಂಖ್ಯೆ -0.55ಕ್ಕಿಂತ ಮೇಲೆ ಬಂದ ಚಿತ್ರವನ್ನು ಈಗ ಬಳಸುವುದೇ ಇಲ್ಲ.

ಅಕ್ಟೋಬರಿನಲ್ಲಿ ಸಣ್ಣ ಕೆರೆ ತುಂಬಿತ್ತು, ಆದರೂ ಸೂಚ್ಯಂಕದಲ್ಲಿ ಅದರ ಮಧ್ಯೆ ದ್ವೀಪದಂಥ ತೂತು. ಅಲ್ಲಿ ಅಂತರಗಂಗೆ ಹರಡಿತ್ತು. ಎಲೆಯ ಕೆಳಗಿನ ನೀರನ್ನು ಈ ಎರಡು ಪದರಗಳು ಕಾಣಲಾರವು, ಮಿತಿ ಬದಲಿಸಿದರೂ ಪ್ರಯೋಜನವಿಲ್ಲ. ಸುತ್ತ ನೀರಿದ್ದು ನಡುವೆ ಹಸಿರಿದ್ದರೆ ಅದನ್ನು ಕೈಯಿಂದ ಗುರುತಿಸಿ "ಕಳೆ ಮುಚ್ಚಿದ ನೀರು" ಎಂಬ ಬೇರೆ ಕಾಲಂನಲ್ಲಿ ಬರೆಯುತ್ತಿದ್ದೇನೆ. ಅಕ್ಟೋಬರಿನಲ್ಲಿ ಸಣ್ಣ ಕೆರೆಗೆ ತೆರೆದ ನೀರು 3 ಎಕರೆ 14 ಗುಂಟೆ, ಕಳೆ ಮುಚ್ಚಿದ್ದು 1 ಎಕರೆ 31 ಗುಂಟೆ.

ಹಂತ 8. ನವೆಂಬರ್: ತಾತ ತೋರಿಸಿದ ಕೊರೆ

ಹಿಂಗಾರು ಮಳೆ ನಿಂತ ಮೇಲೆ ಬಯಲಾದ ಚಿತ್ರ ಸಿಕ್ಕಿತು. ತೋಪು -0.63. ದೊಡ್ಡ ಕೆರೆಗೆ 33 ಎಕರೆ 8 ಗುಂಟೆ ಬಂತು. ಫೆಬ್ರವರಿ, ಏಪ್ರಿಲ್, ನವೆಂಬರಿನ ಮೂರು ಗೆರೆಗಳನ್ನು ಒಂದೇ ಹಾಳೆಯಲ್ಲಿ ಮೂರು ಬಣ್ಣದಲ್ಲಿ ಮುದ್ರಿಸಿ ತಾತನ ಮನೆಗೆ ಒಯ್ದೆ.

ಅವರು ಹಾಳೆಯನ್ನು ಏರಿಯ ದಿಕ್ಕಿಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಪೂರ್ವದ ಮೂಲೆಯಲ್ಲಿ ನವೆಂಬರಿನ ಗೆರೆ ಒಳಕ್ಕೆ ಕೊರೆದಂತಿದ್ದ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಯಾಕೆ ಒಳಗೆ ಬಂದಿದೀಯ? ಇಲ್ಲಿ ಸೊಂಟದುದ್ದ ನೀರಿದೆ" ಎಂದರು.

"ಚಿತ್ರದಲ್ಲಿ ಇಲ್ಲ ತಾತ" ಎಂದೆ.

"ಜಾಲಿ ಇದೆ. ಹೋಗಿ ನೋಡಿಕೊಂಡು ಬಾ."

ಸಂಜೆ ಹೋಗಿ ನೋಡಿದೆ. ಬಳ್ಳಾರಿ ಜಾಲಿಯ ಒತ್ತಾದ ಪೊದೆ ನೀರಿನೊಳಗೆ ನಿಂತಿತ್ತು, ಕೋಲು ಇಳಿಸಿದರೆ ಮೂರು ಅಡಿ ಆಳ. ಏಪ್ರಿಲಿನ ನಡಿಗೆಯಲ್ಲಿ ಆ ಮೂಲೆ ಒಣಗಿತ್ತಾದ್ದರಿಂದ ನನಗೆ ತಿಳಿದಿರಲಿಲ್ಲ. ದಡದಲ್ಲಿ ಇರುವುದರಿಂದ ಅಂತರಗಂಗೆಯಂತೆ ಸುತ್ತ ನೀರೂ ಇಲ್ಲ, ಚಿತ್ರ ನೋಡಿ ಊಹಿಸಲು ದಾರಿಯೇ ಇರಲಿಲ್ಲ. ಜಾಲಿಯ ಹೊರ ಅಂಚನ್ನು ಸುತ್ತಿ ಜಾಡು ದಾಖಲಿಸಿ 1 ಎಕರೆ 12 ಗುಂಟೆಯನ್ನು ಬೇರೆ ಕಾಲಂನಲ್ಲಿ ಸೇರಿಸಿದೆ. ಈಗ ನವೆಂಬರಿನ ಸಾಲು ಹೀಗಿದೆ: ತೆರೆದ ನೀರು 33 ಎಕರೆ 8 ಗುಂಟೆ, ಜಾಲಿಯ ಕೆಳಗೆ 1 ಎಕರೆ 12 ಗುಂಟೆ, ತೋರಿಸಿದವರು ನೀರುಗಂಟಿ.